ಲೈವ್ ಪುಟ ಕಾಯಿಸುತ್ತಿದೆಯೇ? ಅದು ಹೇಳುತ್ತಿರುವುದೇನು, ಹೇಳದೆ ಬಿಟ್ಟಿದ್ದೇನು

2023ರ ಆಗಸ್ಟ್ 23ರ ಸಂಜೆ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರದಲ್ಲಿ ವಿಜ್ಞಾನಿಗಳು ಚಂದ್ರಯಾನ-3ರ ಲ್ಯಾಂಡರ್ ಮೇಲೆ ಕಣ್ಣಿಟ್ಟು ಕೂತಿದ್ದರು. ಉಳಿದವರೆಲ್ಲ ಟಿವಿ ಮುಂದೆ, ಇಲ್ಲವೇ ಮೊಬೈಲ್ ಹಿಡಿದು ಕೂತಿದ್ದರು. ನೇರ ಪ್ರಸಾರ ಸಂಜೆ 5.20ಕ್ಕೆ ಶುರು ಎಂದು ಇಸ್ರೋ ಮುಂಚೆಯೇ ಸಾರಿತ್ತು. ಯೂಟ್ಯೂಬ್ ಕೊಂಡಿಯೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಲ್ಯಾಂಡರ್ ಚಂದ್ರನ ನೆಲ ಮುಟ್ಟಬೇಕಿದ್ದದ್ದು 6.04ಕ್ಕೆ. ಆ ಹೊತ್ತಿಗೆ ಇಸ್ರೋದ ಯೂಟ್ಯೂಬ್ ಪುಟವೊಂದರಲ್ಲೇ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಮಂದಿ ಸೇರಿದ್ದರು.

ಪ್ರಸಾರಕ್ಕೆ ಮುಂಚಿತವಾಗಿ ಸಿದ್ಧಪಡಿಸಿದ ಇಂಥ ಪುಟವನ್ನು ಬೇಗ ತೆರೆದವರಿಗೆ ಕಾಣುವುದು ಅಲುಗಾಡದ ಒಂದು ಚಿತ್ರ, ಇನ್ನೆಷ್ಟು ಹೊತ್ತಿದೆ ಎಂಬ ಒಂದು ಸಾಲು ಮತ್ತು ಕಾಯುತ್ತಿರುವವರ ಸಂಖ್ಯೆ. ಇಸ್ರೋದಂಥ ಸಂಸ್ಥೆ ಹೇಳಿದ ಸಮಯಕ್ಕೆ ಪ್ರಸಾರ ಶುರುಮಾಡುತ್ತದೆ. ಆದರೆ ಅಣ್ಣನ ಮಗಳ ಮದುವೆಯ ಲೈವ್, ಊರ ಜಾತ್ರೆಯ ತೇರು, ರಾತ್ರಿ ಒಂಬತ್ತಕ್ಕೆ ಎಂದು ಹೇಳಿದ ಯಕ್ಷಗಾನ ಪ್ರಸಂಗ, ಇವುಗಳ ಪುಟ ತೆರೆದಾಗ ಬೇರೆಯದೇ ಅನುಭವ. ಹೇಳಿದ ಸಮಯ ದಾಟುತ್ತದೆ, ಪರದೆಯ ಮೇಲೆ "Waiting" ಎಂಬ ಪದ ಮಾತ್ರ ಕೂತಿರುತ್ತದೆ. ನೆಟ್ ಕೈಕೊಟ್ಟಿತೇ, ಕೊಂಡಿ ತಪ್ಪೇ, ಕಾರ್ಯಕ್ರಮವೇ ನಿಂತಿತೇ ಎಂದು ಮನೆಯವರೆಲ್ಲ ಒಬ್ಬರನ್ನೊಬ್ಬರು ಕೇಳತೊಡಗುತ್ತಾರೆ. ಅಮೆರಿಕದಲ್ಲಿರುವ ಮಗ ಇಲ್ಲಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ, ಎಲ್ಲರೂ ಮಂಟಪದಲ್ಲಿದ್ದಾರೆ.

ಈ ಗೊಂದಲಕ್ಕೆ ಉತ್ತರ ಬಹುಮಟ್ಟಿಗೆ ಆ ಪುಟದಲ್ಲೇ ಇರುತ್ತದೆ. ಅದನ್ನು ಓದುವ ಬಗೆ ಗೊತ್ತಿರಬೇಕು, ಅಷ್ಟೆ. ಹೆಚ್ಚಿನ ಕನ್ನಡಿಗರು ಲೈವ್ ನೋಡುವುದು ಯೂಟ್ಯೂಬ್‌ನಲ್ಲಿ, ಹಾಗಾಗಿ ಇಲ್ಲಿಯ ಮಾತೆಲ್ಲ ಅದರ ಬಗ್ಗೆಯೇ.

ಆ ಸಮಯ ಯಾರು ಬರೆದದ್ದು?

ಮೊದಲು ತಿಳಿಯಬೇಕಾದದ್ದು: ಪುಟ ಹುಟ್ಟುವುದಕ್ಕೂ ಪ್ರಸಾರ ಹುಟ್ಟುವುದಕ್ಕೂ ಸಂಬಂಧವಿಲ್ಲ. ಚಾನೆಲ್‌ನವರು ಯೂಟ್ಯೂಬ್ ಸ್ಟುಡಿಯೋ ಒಳಗೆ ಹೋಗಿ "Schedule stream" ಒತ್ತಿ, ಶೀರ್ಷಿಕೆ ಬರೆದು, ಒಂದು ಚಿತ್ರ ಹಾಕಿ, ದಿನಾಂಕ ಮತ್ತು ಗಂಟೆ ಆರಿಸಿದರೆ ಮುಗಿಯಿತು. ಪುಟಕ್ಕೊಂದು ವಿಳಾಸ ಸಿಗುತ್ತದೆ. ಅದನ್ನು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಬಹುದು, ಕ್ಯೂಆರ್ ಕೋಡ್ ಮಾಡಿ ಹಂಚಬಹುದು. ಆ ಹೊತ್ತಿಗೆ ಕ್ಯಾಮೆರಾ ಇನ್ನೂ ಪೆಟ್ಟಿಗೆಯಿಂದ ಹೊರಗೆ ಬಂದಿರುವುದೇ ಇಲ್ಲ.

ಅಂದರೆ "Upcoming" ಎಂಬ ಪಟ್ಟಿಯ ಪಕ್ಕದಲ್ಲಿರುವ ಸಮಯ ಯಾರೋ ಒಬ್ಬರು ಅಂದಾಜಿನಲ್ಲಿ ಬರೆದ ಸಮಯ. ಆ ಗಂಟೆ ಬಂದ ಕೂಡಲೇ ಯೂಟ್ಯೂಬ್ ತಾನಾಗಿ ಏನನ್ನೂ ಶುರು ಮಾಡುವುದಿಲ್ಲ, ಯಾರನ್ನೂ ವಿಚಾರಿಸುವುದೂ ಇಲ್ಲ. ಚಿತ್ರದ ಮೇಲಿನ ಸಾಲನ್ನು ಬದಲಾಯಿಸುತ್ತದೆ, ಅಷ್ಟೇ. ಅಲ್ಲಿಯತನಕ "Live in 20 minutes" ಎಂದು ಇಳಿಯುತ್ತ ಬಂದ ಲೆಕ್ಕ ಮುಗಿದು, ಚಾನೆಲ್‌ನ ಹೆಸರಿನೊಂದಿಗೆ "Waiting for" ಎಂಬ ಸಾಲು ಬರುತ್ತದೆ.

ಬಹಳ ಜನ ಎಡವುವುದು ಇಲ್ಲೇ. ಸಾಲು ಬದಲಾಯಿತಲ್ಲ, ಇನ್ನೇನು ಶುರುವಾಗುತ್ತದೆ ಎಂದುಕೊಳ್ಳುತ್ತಾರೆ. ಆ ಸಾಲಿಗೆ ಇರುವ ಅರ್ಥ ಒಂದೇ: ಹೇಳಿದ ಸಮಯ ದಾಟಿದೆ, ಪ್ರಸಾರ ಇನ್ನೂ ಬಂದಿಲ್ಲ. ಕೆಲವೊಮ್ಮೆ ಕಾಣುವ "This live event will begin in a few moments" ಎಂಬ ವಾಕ್ಯವೂ ಅಷ್ಟೇ. ಕೆಲವೇ ಕ್ಷಣಗಳಲ್ಲಿ ಎಂಬ ಭರವಸೆಯನ್ನು ಯಾವ ಮನುಷ್ಯನೂ ಕೊಟ್ಟಿರುವುದಿಲ್ಲ. ಗಡಿಯಾರ ಮುಗಿದಾಗ ಯಂತ್ರ ತೋರಿಸುವ ಸಿದ್ಧ ವಾಕ್ಯ ಅದು. ಚಾನೆಲ್‌ನವರು ಮರೆತು ಬಿಟ್ಟರೆ ಮೂರು ದಿನ ಕಳೆದರೂ ಆ ಕೆಲವೇ ಕ್ಷಣ ಮುಗಿಯದಿರಬಹುದು. ಜಪಾನಿನ ಕೆಲವು ಯೂಟ್ಯೂಬರ್‌ಗಳು ಅಭಿಮಾನಿಗಳ ಹರಟೆಗೆಂದೇ ಬಹಳ ದೂರದ ದಿನಾಂಕ ಹಾಕಿ ಒಂದು ಪುಟವನ್ನು ತೆರೆದಿಟ್ಟಿರುತ್ತಾರೆ. ಅಲ್ಲಿ ಪ್ರಸಾರ ನಡೆಸುವ ಉದ್ದೇಶವೇ ಅವರಿಗಿರುವುದಿಲ್ಲ, ಆದರೂ ಪುಟ ತಿಂಗಳುಗಟ್ಟಲೆ "Upcoming" ಎನ್ನುತ್ತಲೇ ಇರುತ್ತದೆ.

ಪಕ್ಕದಲ್ಲಿ ಕಾಣುವ "waiting" ಸಂಖ್ಯೆಯೂ ದಾರಿ ತಪ್ಪಿಸುತ್ತದೆ. 340 ಮಂದಿ ಕಾಯುತ್ತಿದ್ದಾರೆ ಎಂದರೆ ಪುಟ ತೆರೆದು ಕೂತವರು ಅಷ್ಟು ಮಂದಿ ಎಂದರ್ಥ. ಬಸ್‌ಸ್ಟ್ಯಾಂಡಿನಲ್ಲಿ ಜನ ಹೆಚ್ಚಾದರೆ ಬಸ್ಸು ಹತ್ತಿರ ಬಂತು ಎಂದು ಹೇಳಲಾಗದು, ಇದೂ ಹಾಗೆಯೇ. ಆದರೂ ಆ ಸಂಖ್ಯೆಯಿಂದ ಒಂದು ಉಪಯೋಗವಿದೆ. ಅದು ಕಾಣುತ್ತಿದೆ, ಆಗಾಗ ಬದಲಾಗುತ್ತಿದೆ ಎಂದರೆ ನೋಡುಗರ ನೆಟ್ ಸರಿಯಾಗಿದೆ, ತೊಡಕಿರುವುದು ಆ ಕಡೆ.

ಆ ಕಡೆ ಏನು ನಡೆಯುತ್ತಿರುತ್ತದೆ?

ಮಂಟಪದ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂತ ಲೈವ್ ಹುಡುಗನ ಕಡೆಯಿಂದ ನೋಡಿದರೆ ಎಲ್ಲ ಸ್ಪಷ್ಟವಾಗುತ್ತದೆ. ಕ್ಯಾಮೆರಾದ ಚಿತ್ರ ತಂತಿಯ ಮೂಲಕ ಲ್ಯಾಪ್‌ಟಾಪಿಗೆ ಬರುತ್ತದೆ. ಅಲ್ಲಿ ಓಬಿಎಸ್‌ನಂಥ ತಂತ್ರಾಂಶ ಅದನ್ನು ಹಿಂಡಿ, ಚಿಕ್ಕದು ಮಾಡಿ, ಯೂಟ್ಯೂಬ್‌ಗೆ ಕಳಿಸುತ್ತದೆ. ಯಾವ ಚಾನೆಲ್‌ನ ಯಾವ ಪುಟಕ್ಕೆ ಈ ಚಿತ್ರ ಸೇರಬೇಕು ಎಂದು ತಿಳಿಸಲು ಒಂದು ಗುಟ್ಟಿನ ಅಕ್ಷರಮಾಲೆ ಇರುತ್ತದೆ, ಅದನ್ನು ಸ್ಟ್ರೀಮ್ ಕೀ ಎನ್ನುತ್ತಾರೆ. 720 ಗುಣಮಟ್ಟದ ವಿಡಿಯೋ ಕಳಿಸಲು ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಅಪ್‌ಲೋಡ್ ವೇಗ ಬೇಕು. ಡೌನ್‌ಲೋಡ್ ವೇಗ ಎಷ್ಟಿದ್ದರೂ ಇಲ್ಲಿ ಪ್ರಯೋಜನವಿಲ್ಲ. ಐನೂರು ಅತಿಥಿಗಳು ಒಂದೇ ಟವರಿನ ಕೆಳಗೆ ಕೂತು ಫೋಟೋ ಕಳಿಸುತ್ತಿರುವಾಗ ಡಾಂಗಲ್‌ಗೆ ಅಷ್ಟು ಅಪ್‌ಲೋಡ್ ವೇಗ ಸಿಗುವುದೇ ಕಷ್ಟ. ಬೆಳಿಗ್ಗೆ ಖಾಲಿ ಮಂಟಪದಲ್ಲಿ ಪರೀಕ್ಷಿಸಿದಾಗ ಚೆನ್ನಾಗಿ ಹೋಗುತ್ತಿದ್ದ ಚಿತ್ರ ಮುಹೂರ್ತದ ಹೊತ್ತಿಗೆ ತೊದಲುವುದಕ್ಕೆ ಕಾರಣ ಇದೇ.

ಚಿತ್ರ ಯೂಟ್ಯೂಬ್‌ಗೆ ತಲುಪಿದ ಮಾತ್ರಕ್ಕೆ ನೋಡುಗರಿಗೆ ಕಾಣಬೇಕೆಂದೇನೂ ಇಲ್ಲ. ಸ್ಟುಡಿಯೋದಲ್ಲಿ "Auto-start" ಎಂಬ ಒಂದು ಗುಂಡಿ ಇದೆ. ಅದನ್ನು ಆನ್ ಮಾಡಿದ್ದರೆ ಚಿತ್ರ ಬಂದ ಕೂಡಲೇ ಪ್ರಸಾರ ಶುರುವಾಗುತ್ತದೆ. ಆಫ್ ಮಾಡಿದ್ದರೆ ಚಿತ್ರ ಮೊದಲು ನಿರ್ವಾಹಕನಿಗೆ ಮಾತ್ರ ಕಾಣುತ್ತದೆ. ಅವನು ಧ್ವನಿ ಕೇಳಿ, ಬೆಳಕು ನೋಡಿ, ಕೊನೆಗೆ "Go live" ಒತ್ತಬೇಕು. ಆ ಪರೀಕ್ಷೆ ನಡೆಯುವಷ್ಟು ಹೊತ್ತೂ ಹೊರಗಿನವರಿಗೆ "Waiting" ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಾಗಾಗಿ ಪುಟ ಸುಮ್ಮನಿದ್ದರೆ ಆ ಕಡೆ ಯಾರೂ ಇಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ. "Go live" ಒತ್ತಿದ ಮೇಲೂ ಚಿತ್ರ ನೋಡುಗರ ಕೈಸೇರಲು ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗೂ ಹಿಡಿಯಬಹುದು. ನಿರ್ವಾಹಕ ಯಾವ ಬಗೆಯ ವಿಳಂಬ ಆರಿಸಿಕೊಂಡಿದ್ದಾನೆ ಎಂಬುದರ ಮೇಲೆ ಅದು ನಿಂತಿದೆ.

ಒಂದು ಮದುವೆಯ ಉದಾಹರಣೆ

ಒಂದು ಮದುವೆ ಎಂದುಕೊಳ್ಳೋಣ. ಫೆಬ್ರವರಿ 15ರ ಭಾನುವಾರ, ಮುಹೂರ್ತ 10.30ಕ್ಕೆ. ಲೈವ್ ಪುಟದಲ್ಲಿ 9.30 ಎಂದು ಸಮಯ ಹಾಕಿದ್ದಾರೆ. ನ್ಯೂಜೆರ್ಸಿಯಲ್ಲಿರುವ ವರನ ಅಣ್ಣ ಕೊಂಡಿ ತೆರೆದಾಗ ಪುಟದಲ್ಲಿ ಕಾಣುವುದು ಫೆಬ್ರವರಿ 14, ರಾತ್ರಿ 11 ಗಂಟೆ. ಪತ್ರಿಕೆಯಲ್ಲಿ 15 ಎಂದಿದೆಯಲ್ಲ, ತಪ್ಪು ಕೊಂಡಿ ಕಳಿಸಿದರೇ ಎಂದು ಅವನು ಗಾಬರಿಪಡಬೇಕಿಲ್ಲ. ಯೂಟ್ಯೂಬ್ ಪ್ರತಿಯೊಬ್ಬರಿಗೂ ಅವರವರ ಊರಿನ ಸಮಯಕ್ಕೆ ತಿರುಗಿಸಿಯೇ ತೋರಿಸುತ್ತದೆ. ಇದೇ ಮದುವೆ ಮೇ ತಿಂಗಳಲ್ಲಿ ನಡೆದಿದ್ದರೆ ಅವನಿಗೆ ರಾತ್ರಿ 11ರ ಬದಲು 12 ಗಂಟೆ ಎಂದು ಕಾಣುತ್ತಿತ್ತು, ಏಕೆಂದರೆ ಅಮೆರಿಕದಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಪುಟದ ಮೇಲಿನ ಸಮಯವನ್ನು ಮತ್ತೊಮ್ಮೆ ಲೆಕ್ಕ ಹಾಕಲು ಹೋದವರೇ ತಪ್ಪುತ್ತಾರೆ. ಲೆಕ್ಕ ಬೇಕಿರುವುದು ಪತ್ರಿಕೆಯಲ್ಲಿ ಅಚ್ಚಾದ ಸಮಯಕ್ಕೆ ಮಾತ್ರ.

ಇತ್ತ ಮಂಟಪದಲ್ಲಿ 9.30 ಆಯಿತು. ಪುಟ "Waiting for" ಎಂದಿತು. 9.40 ಆದರೂ ಹಾಗೇ ಇದೆ. ಹೀಗಾಗಲು ಕಾರಣ ಎರಡಿರಬಹುದು, ಪುಟ ಬೇರೆಯೇ ಕಾಣುವ ಮೂರನೆಯ ಬಗೆಯೂ ಉಂಟು.

ಮೊದಲನೆಯದು ತೀರ ಸಾಮಾನ್ಯ. ಹುಡುಗ ಓಬಿಎಸ್‌ನಲ್ಲಿ "Start Streaming" ಒತ್ತಿದ್ದಾನೆ, ಚಿತ್ರ ಹೋಗುತ್ತಿದೆ, ತನ್ನ ಕೆಲಸ ಮುಗಿಯಿತೆಂದು ಇನ್ನೊಂದು ಕ್ಯಾಮೆರಾ ಜೋಡಿಸಲು ಹೋಗಿದ್ದಾನೆ. "Auto-start" ಆಫ್ ಇದೆ, "Go live" ಒತ್ತಿಲ್ಲ. ಯಾರಾದರೂ ಹೋಗಿ ನೆನಪಿಸಿದರೆ ಅರೆಕ್ಷಣದ ಕೆಲಸ.

ಎರಡನೆಯದು ಹೆಚ್ಚು ಕಾಡುವಂಥದ್ದು. ಲ್ಯಾಪ್‌ಟಾಪ್ ಕೈಕೊಟ್ಟಿದೆ, ಅವಸರದಲ್ಲಿ ಮೊಬೈಲಿನ ಯೂಟ್ಯೂಬ್ ಆ್ಯಪ್ ತೆರೆದು ನೇರವಾಗಿ ಲೈವ್ ಶುರು ಮಾಡಿದ್ದಾರೆ. ಅಥವಾ ಸ್ಟುಡಿಯೋದಲ್ಲಿ ಮೊದಲೇ ನಿಗದಿಪಡಿಸಿದ ಪುಟವನ್ನು ಆರಿಸದೆ, ತಕ್ಷಣ ಪ್ರಸಾರ ಮಾಡುವ "Stream" ಎಂಬ ಜಾಗದ ಕೀ ಬಳಸಿದ್ದಾರೆ. ಆಗ ಯೂಟ್ಯೂಬ್ ಅದೇ ಚಾನೆಲ್‌ನಲ್ಲಿ ಹೊಸ ಪುಟವೊಂದನ್ನು ತೆರೆದು ಅಲ್ಲಿ ಪ್ರಸಾರ ಶುರು ಮಾಡುತ್ತದೆ. ಪತ್ರಿಕೆಯಲ್ಲಿ ಅಚ್ಚಾದ ಕೊಂಡಿ ಹಳೆಯ ಪುಟದ್ದು. ಅದು ಸಂಜೆಯವರೆಗೂ ಕಾಯುತ್ತಲೇ ಇರುತ್ತದೆ. ತಾಳಿ ಕಟ್ಟಿದ್ದು ಪಕ್ಕದ ಪುಟದಲ್ಲಿ!

ಮೂರನೆಯದು ತಿರುಗುಮುರುಗು. 8.15ಕ್ಕೆ ಹುಡುಗ ಎರಡು ನಿಮಿಷ ಚಿತ್ರ ಕಳಿಸಿ ಪರೀಕ್ಷಿಸಿದ್ದಾನೆ. "Auto-start" ಆನ್ ಇದ್ದುದರಿಂದ ಖಾಲಿ ಕುರ್ಚಿಗಳು ಲೈವ್ ಹೋಗಿವೆ. ಪರೀಕ್ಷೆ ನಿಲ್ಲಿಸಿದ ಸುಮಾರು ಒಂದು ನಿಮಿಷಕ್ಕೆ "Auto-stop" ಆ ಪ್ರಸಾರವನ್ನೇ ಮುಗಿಸಿದೆ. ಒಮ್ಮೆ ಮುಗಿದ ಪ್ರಸಾರವನ್ನು ಅದೇ ಪುಟದಲ್ಲಿ ಮತ್ತೆ ತೆರೆಯಲು ಬರುವುದಿಲ್ಲ. 9.30ಕ್ಕೆ ಕೊಂಡಿ ಒತ್ತಿದವರಿಗೆ "Waiting" ಬದಲು ಎರಡು ನಿಮಿಷದ ರೆಕಾರ್ಡಿಂಗ್ ಕಾಣುತ್ತದೆ, ಕೆಳಗೆ "Streamed live" ಎಂದಿರುತ್ತದೆ. ಅಂಥದ್ದು ಕಂಡರೆ ಆ ಪುಟದಲ್ಲಿ ಕಾದು ಫಲವಿಲ್ಲ, ಹೊಸ ಕೊಂಡಿಯನ್ನು ಹುಡುಕಲೇಬೇಕು.

ಎರಡನೆಯ ಮತ್ತು ಮೂರನೆಯ ತೊಡಕಿಗೆ ಪರಿಹಾರ ಒಂದೇ. ಪುಟದಲ್ಲಿ ಕಾಣುವ ಚಾನೆಲ್ ಹೆಸರಿನ ಮೇಲೆ ಒತ್ತಿ, ಚಾನೆಲ್‌ನ ಮುಖಪುಟಕ್ಕೆ ಹೋಗಿ, "Live" ಎಂಬ ವಿಭಾಗವನ್ನು ನೋಡುವುದು. ಚಾನೆಲ್ ಎಲ್ಲಿಯಾದರೂ ಲೈವ್ ಇದ್ದರೆ ಅದರ ಲಾಂಛನದ ಸುತ್ತ ಕೆಂಪು ಉಂಗುರವೂ "LIVE" ಎಂಬ ಪಟ್ಟಿಯೂ ಇರುತ್ತದೆ. ಕೊಂಡಿ ಕೊಟ್ಟವರನ್ನು ವಿಚಾರಿಸುವುದಕ್ಕಿಂತ ಇದು ಬೇಗ.

ಹೊಸದಾಗಿ ತೆರೆದ ಚಾನೆಲ್ ಆದರೆ ಇನ್ನೊಂದು ಸಾಧ್ಯತೆಯೂ ಉಂಟು. ಒಂದು ಚಾನೆಲ್‌ಗೆ ಲೈವ್ ಸೌಲಭ್ಯವನ್ನು ಮೊದಲ ಸಲ ಪಡೆಯುವಾಗ ಅದು ಜಾರಿಗೆ ಬರಲು 24 ಗಂಟೆಯವರೆಗೂ ಹಿಡಿಯಬಹುದು. ಮೊಬೈಲಿನಿಂದ ಲೈವ್ ಮಾಡಬೇಕಾದರೆ ಕನಿಷ್ಠ 50 ಚಂದಾದಾರರೂ ಇರಬೇಕು. ಮದುವೆಯ ಹಿಂದಿನ ರಾತ್ರಿ ಮಗಳ ಹೆಸರಿನಲ್ಲಿ ಚಾನೆಲ್ ತೆರೆದು, ಬೆಳಿಗ್ಗೆ ಮೊಬೈಲಿನಿಂದ ಲೈವ್ ಹೋಗುತ್ತೇವೆ ಎಂದುಕೊಂಡವರು ನಿರಾಶರಾಗುವುದು ಇಲ್ಲಿ.

ಶುರುವಾಗುವ ನಿಜವಾದ ಸುಳಿವುಗಳು

ಹಾಗಾದರೆ ಇನ್ನೇನು ಶುರುವಾಗುತ್ತದೆ ಎಂದು ತಿಳಿಯುವುದು ಹೇಗೆ? ಆ ಕಡೆ ಒಬ್ಬ ಮನುಷ್ಯ ಎಚ್ಚರವಾಗಿದ್ದಾನೆ ಎಂಬ ಗುರುತನ್ನು ಹುಡುಕಬೇಕು. ಯಂತ್ರ ತೋರಿಸುವ ಸಾಲುಗಳಿಗಿಂತ ಅದು ಎಷ್ಟೋ ಪಾಲು ನಂಬಿಗಸ್ತ.

ಮೊದಲ ಜಾಗ ಚಾಟ್ ಪೆಟ್ಟಿಗೆ. ಅದನ್ನು ಮುಚ್ಚಿಲ್ಲದಿದ್ದರೆ ಪ್ರಸಾರಕ್ಕೆ ಮುಂಚೆಯೇ ಅಲ್ಲಿ ಮಾತು ನಡೆಯುತ್ತಿರುತ್ತದೆ. ನಮಸ್ಕಾರ, ಶುಭಾಶಯ, ಯಾವಾಗ ಶುರು ಎಂಬ ಸಾಲುಗಳ ನಡುವೆ ಚಾನೆಲ್‌ನವರೇ ಬರೆದದ್ದು ಬೇರೆಯಾಗಿ ಎದ್ದು ಕಾಣುತ್ತದೆ. ಚಾನೆಲ್ ಒಡೆಯರ ಹೆಸರು ಹಳದಿ ಹಿನ್ನೆಲೆಯಲ್ಲಿರುತ್ತದೆ, ಅವರು ನೇಮಿಸಿದ ಮೇಲ್ವಿಚಾರಕರ ಹೆಸರು ನೀಲಿ, ಪಕ್ಕದಲ್ಲಿ ಪುಟ್ಟ ಸ್ಪ್ಯಾನರ್ ಚಿತ್ರ. ಹತ್ತು ನಿಮಿಷ ತಡ ಎಂದು ಹಳದಿ ಹೆಸರಿನವರು ಬರೆದು ಅದನ್ನು ಮೇಲ್ಭಾಗಕ್ಕೆ ಅಂಟಿಸಿದ್ದರೆ ಅದೇ ಅಧಿಕೃತ ಮಾತು. ಉಳಿದವರು ಶುರುವಾಯಿತು ಎಂದರೂ ನಿಂತುಹೋಯಿತು ಎಂದರೂ ಅದು ಊಹೆ.

ಎರಡನೆಯ ಗುರುತು ಸಮಯದ ತಿದ್ದುಪಡಿ. 9.30 ಎಂದಿದ್ದ ಪುಟ ಹೊಸದಾಗಿ ತೆರೆದಾಗ 9.50 ಎಂದು ತೋರಿಸಿದರೆ ಅದು ಒಳ್ಳೆಯ ಸುದ್ದಿ. ಯಾರೋ ಸ್ಟುಡಿಯೋ ಒಳಗೆ ಹೋಗಿ, ಇದೇ ಪುಟವನ್ನು ತೆರೆದು, ಕೈಯಾರೆ ಬದಲಾಯಿಸಿದ್ದಾರೆ. ಅಂದರೆ ಪ್ರಸಾರ ಇದೇ ಪುಟದಲ್ಲಿ ಬರುವ ಸಂಭವ ಹೆಚ್ಚು.

ಮೂರನೆಯದು ಪರದೆಯ ಚಿತ್ರದ ಸ್ವಭಾವ. ಎಷ್ಟೋ ಪ್ರಸಾರಗಳು ನೇರವಾಗಿ ಮಂಟಪವನ್ನೋ ರಂಗಸ್ಥಳವನ್ನೋ ತೋರಿಸುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಆರಂಭ ಎಂಬ ಒಂದು ಫಲಕ, ಹಿಂದೆ ನಾದಸ್ವರ, ಕೆಳಗೆ ಇಳಿಯುವ ಗಡಿಯಾರ ಹೀಗೆ ಏನಾದರೂ ಹಾಕಿರುತ್ತಾರೆ. ನೋಡುಗರಿಗೆ ಇದು ಕಾಯುವ ಪುಟದ ಚಿತ್ರದಂತೆಯೇ ಕಂಡರೂ ಎರಡಕ್ಕೂ ಬಹಳ ವ್ಯತ್ಯಾಸವಿದೆ. ಧ್ವನಿ ಬರುತ್ತಿದ್ದರೆ, ಏನಾದರೂ ಅಲುಗಾಡುತ್ತಿದ್ದರೆ, ಕೆಳಗೆ ಕೆಂಪು ಚುಕ್ಕೆಯೊಂದಿಗೆ "LIVE" ಇದ್ದರೆ, "waiting" ಹೋಗಿ "watching" ಎಂಬ ಪದ ಬಂದಿದ್ದರೆ ಪ್ರಸಾರ ಆಗಲೇ ಶುರುವಾಗಿದೆ. ಓಬಿಎಸ್ ಓಡುತ್ತಿದೆ, ನೆಟ್ ಹಿಡಿದಿದೆ, ಗುಂಡಿ ಒತ್ತಾಗಿದೆ. ಬಾಕಿ ಇರುವುದು ಫಲಕ ಸರಿಸಿ ಕ್ಯಾಮೆರಾ ತೋರಿಸುವುದು ಮಾತ್ರ. ಇದಕ್ಕಿಂತ ಗಟ್ಟಿಯಾದ ಸುಳಿವು ಇನ್ನೊಂದಿಲ್ಲ.

ಕೆಲವೊಮ್ಮೆ ಎಲ್ಲ ಶುರುವಾಗಿದ್ದರೂ ನೋಡುಗರ ಪುಟವೇ ನಿದ್ದೆ ಹೋಗಿರುತ್ತದೆ. ಸಾಮಾನ್ಯವಾಗಿ ಪುಟ ತಾನೇ ಆಗಾಗ ವಿಚಾರಿಸಿಕೊಂಡು ಪ್ರಸಾರ ಬಂದ ಕೂಡಲೇ ಓಡತೊಡಗುತ್ತದೆ. ಆದರೆ ಬ್ರೌಸರಿನ ಹಿಂದಿನ ಟ್ಯಾಬ್‌ನಲ್ಲಿ ಅರ್ಧ ಗಂಟೆ ಬಿದ್ದಿದ್ದ ಪುಟ ಅಥವಾ ಪರದೆ ಆರಿಹೋಗಿದ್ದ ಫೋನ್ ಹಾಗೇ ನಿಂತುಬಿಟ್ಟಿರಬಹುದು. ಐದು ನಿಮಿಷಕ್ಕೊಮ್ಮೆ ರಿಫ್ರೆಶ್ ಮಾಡಿದರೆ ಸಾಕು. ಐದು ಸೆಕೆಂಡಿಗೊಮ್ಮೆ ಮಾಡಿದರೆ ಪ್ರಸಾರ ಬೇಗ ಬರುವುದಿಲ್ಲ, ಚಾಟ್‌ನಲ್ಲಿ ಓದಬೇಕಾದ ಸಾಲು ಮಾತ್ರ ಕೈತಪ್ಪುತ್ತದೆ.

ಕಂಪ್ಯೂಟರಿನಲ್ಲಿ ನೋಡುವವರು ಇನ್ನೂ ಖಚಿತವಾಗಿ ತಿಳಿಯಬಹುದು. ಪುಟದ ಮೇಲೆ Ctrl+U ಒತ್ತಿದರೆ ಅದರ ಹಿಂದಿನ ಬರಹವೆಲ್ಲ ತೆರೆಯುತ್ತದೆ. ಅಲ್ಲಿ Ctrl+F ಒತ್ತಿ isLiveNow ಎಂದು ಹುಡುಕಿದರೆ ಈ ರೂಪದ ಸಾಲು ಸಿಗುತ್ತದೆ:

```
"isLiveNow":false,"startTimestamp":"2026-02-15T04:00:00+00:00"
```

false ಎಂದಿದ್ದರೆ ಈಗ ಲೈವ್ ನಡೆಯುತ್ತಿಲ್ಲ, true ಎಂದಿದ್ದರೆ ಲೈವ್ ನಡೆಯುತ್ತಿದೆ. ಮುಂದಿರುವ ಸಮಯ ಅಂತಾರಾಷ್ಟ್ರೀಯ ಸಮಯ, ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಬೆಳಗಿನ 9.30 ಬರುತ್ತದೆ. ಆದರೆ ಇದರಿಂದ ತಿಳಿಯುವುದು ಈ ಕ್ಷಣದ ಸ್ಥಿತಿ ಮಾತ್ರ. ಮಂಟಪದ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆ ನಡೆಯುತ್ತಿದೆಯೇ ಎಂಬುದು ಇದರಲ್ಲೂ ಕಾಣದು.

ಪ್ರೀಮಿಯರ್ ಆದರೆ ಲೆಕ್ಕವೇ ಬೇರೆ

ನೋಡಲು ಒಂದೇ ತೆರನಾದರೂ ಸ್ವಭಾವ ಬೇರೆಯಾದ ಇನ್ನೊಂದು ಪುಟವಿದೆ. ಸಿನಿಮಾದ ಟ್ರೇಲರ್, ಹಾಡು, ಧಾರಾವಾಹಿಯ ಕಂತು ಇಂಥವುಗಳ ಪುಟದಲ್ಲಿ "Premieres" ಎಂಬ ಪದವಿರುತ್ತದೆ. ಅಲ್ಲಿ ವಿಡಿಯೋ ಆಗಲೇ ಸಿದ್ಧವಾಗಿ ಯೂಟ್ಯೂಬ್‌ನ ಕೈಯಲ್ಲಿದೆ. ಕ್ಯಾಮೆರಾ, ಡಾಂಗಲ್, ಗುಂಡಿ ಯಾವುದರ ಹಂಗೂ ಇಲ್ಲ. ಹೇಳಿದ ಗಂಟೆಗೆ ಸರಿಯಾಗಿ ಗಡಿಯಾರದ ಚಿತ್ರವೊಂದು ಓಡತೊಡಗುತ್ತದೆ. ಚಾನೆಲ್‌ನವರು ಬದಲಾಯಿಸದಿದ್ದರೆ ಎರಡು ನಿಮಿಷ ಆ ಗಡಿಯಾರ, ಅದು ಮುಗಿದ ಮೇಲೆ ವಿಡಿಯೋ. ಹಾಗಾಗಿ "Premieres" ಎಂದಿದ್ದರೆ ಗಂಟೆ ನೋಡಿ ಕೂರಬಹುದು, "Scheduled for" ಎಂದಿದ್ದರೆ ಸುಳಿವು ನೋಡಿ ಕೂರಬೇಕು.

ಪ್ರಸಾರ ಬಂತು, ಕಾರ್ಯಕ್ರಮ ಬರಲಿಲ್ಲ

ಕೆಂಪು "LIVE" ಬಂದ ಮೇಲೂ ಕಾಯುವುದು ಮುಗಿಯದ ಸಂದರ್ಭಗಳಿವೆ. ಪುಟದ ಗಡಿಯಾರ ಲೆಕ್ಕ ಹಾಕುವುದು ಪ್ರಸಾರದ ಆರಂಭವನ್ನು, ಕಾರ್ಯಕ್ರಮದ ಮುಖ್ಯ ಗಳಿಗೆಯನ್ನಲ್ಲ. ಚಂದ್ರಯಾನ-3ರಲ್ಲಿ ಆ ಎರಡರ ನಡುವೆ 44 ನಿಮಿಷಗಳ ಅಂತರವಿತ್ತು.

2023ರ ಅಕ್ಟೋಬರ್ 21ರಂದು ಗಗನಯಾನದ ಮೊದಲ ಪರೀಕ್ಷಾ ಹಾರಾಟವಾದ ಟಿವಿ-ಡಿ1ರಲ್ಲಿ ಅಂತರ ಇನ್ನೂ ಹಿಗ್ಗಿತು. ರಾಕೆಟ್ ಬೆಳಿಗ್ಗೆ 8ಕ್ಕೆ ಹಾರಬೇಕಿತ್ತು. ಹವಾಮಾನ ಸರಿಯಿಲ್ಲವೆಂದು 8.30ಕ್ಕೆ, ಮತ್ತೆ 8.45ಕ್ಕೆ ಹೋಯಿತು. ಕೊನೆಗೆ ಎಣಿಕೆ ಐದು ಸೆಕೆಂಡಿಗೆ ಬಂದಾಗ ಗಣಕವೇ ಅದನ್ನು ತಡೆಯಿತು. ತೊಡಕು ಪತ್ತೆಯಾಗಿ, ಸರಿಯಾಗಿ, ರಾಕೆಟ್ ಹಾರಿದ್ದು 10 ಗಂಟೆಗೆ. ಅಂಥ ದಿನ ರಿಫ್ರೆಶ್ ಒತ್ತುತ್ತ ಕೂತವರಿಗಿಂತ ವೀಕ್ಷಕ ವಿವರಣೆಗೆ ಕಿವಿಗೊಟ್ಟವರಿಗೆ ಹೆಚ್ಚು ತಿಳಿಯಿತು. ಚಂದ್ರಯಾನ-2ರ ಮೊದಲ ಉಡಾವಣೆಯಂತೂ 2019ರ ಜುಲೈ 15ರ ಬೆಳಗಿನ ಜಾವ, ಎಣಿಕೆ 56 ನಿಮಿಷ 24 ಸೆಕೆಂಡ್ ಬಾಕಿಯಿರುವಾಗ ನಿಂತು, ಒಂದು ವಾರದ ನಂತರ ಜುಲೈ 22ಕ್ಕೆ ನಡೆಯಿತು.

ದೊಡ್ಡ ಕಾರ್ಯಕ್ರಮಗಳ ದಿನ ಕಾಯುವವರ ಗುಂಪನ್ನೇ ಗುರಿಮಾಡಿ ಕೂತವರೂ ಇರುತ್ತಾರೆ. ಹೆಸರಾಂತ ಸಂಸ್ಥೆಯ ಲಾಂಛನ ಹಾಕಿಕೊಂಡು, ಹಳೆಯ ರೆಕಾರ್ಡಿಂಗನ್ನೇ ಲೈವ್ ಎಂದು ಓಡಿಸಿ, ಮೂಲೆಯಲ್ಲಿ ಕ್ಯೂಆರ್ ಕೋಡ್ ತೋರಿಸಿ ಕ್ರಿಪ್ಟೋ ಹಣ ಕಳಿಸಿ ಎನ್ನುವ ಪುಟಗಳು ಸ್ಪೇಸ್‌ಎಕ್ಸ್ ಉಡಾವಣೆಗಳ ಹೆಸರಿನಲ್ಲಿ ಮತ್ತೆ ಮತ್ತೆ ಕಂಡಿವೆ. ಅಸಲಿ ಪುಟ ಇನ್ನೂ "Waiting" ಎನ್ನುತ್ತಿರುವಾಗ ಬೇರೆಲ್ಲೋ ಆಗಲೇ ರಾಕೆಟ್ ಹಾರುತ್ತಿದ್ದರೆ ಅನುಮಾನಿಸಬೇಕು. ಚಾನೆಲ್ ಅಸಲಿಯಾದರೂ ಕಣ್ಣು ತೆರೆದಿರಬೇಕು: 2024ರ ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟಿನ ಯೂಟ್ಯೂಬ್ ಚಾನೆಲ್ಲೇ ಹ್ಯಾಕ್ ಆಗಿ, ಅದರಲ್ಲಿ ಕ್ರಿಪ್ಟೋ ಕರೆನ್ಸಿಯ ವಿಡಿಯೋ ಕಾಣಿಸಿಕೊಂಡಿತ್ತು.

ಹದಿನೈದು ನಿಮಿಷದ ಲೆಕ್ಕ

ಊರ ಮಟ್ಟದ, ಮನೆ ಮಟ್ಟದ ಪ್ರಸಾರಗಳಿಗೆ ಹೇಳಿದ ಸಮಯದಿಂದ ಹದಿನೈದು ನಿಮಿಷ ರಿಯಾಯಿತಿ ಕೊಡುವುದು ನ್ಯಾಯ. ಅದು ದಾಟಿದರೆ ಮೊದಲು ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿ, ಸಮಯ ಬದಲಾಗಿದೆಯೇ ನೋಡಬೇಕು. ಆಮೇಲೆ ಚಾಟ್‌ನಲ್ಲಿ ಹಳದಿ ಅಥವಾ ನೀಲಿ ಹೆಸರು ಹುಡುಕಬೇಕು. ಅಲ್ಲೂ ಇಲ್ಲದಿದ್ದರೆ ಚಾನೆಲ್‌ಗೆ ಹೋಗಿ "Live" ವಿಭಾಗದಲ್ಲಿ ಬೇರೆ ಪುಟವಿದೆಯೇ ಎಂದು ನೋಡಬೇಕು. ಪುಟವೇ ಕಾಣೆಯಾಗಿ "Video unavailable" ಅಥವಾ "This video is private" ಎಂದು ಬಂದರೆ ಅದನ್ನು ಅಳಿಸಿದ್ದಾರೆ ಇಲ್ಲವೇ ಮುಚ್ಚಿಟ್ಟಿದ್ದಾರೆ, ಅಲ್ಲಿ ಕಾಯುವುದನ್ನು ಬಿಡಬಹುದು. ಇದಿಷ್ಟಕ್ಕೂ ಎರಡು ನಿಮಿಷ ಸಾಕು.

ಇನ್ನು ಕೊಂಡಿ ಕಳಿಸುವವರಿಗೊಂದು ಮಾತು. ಮುಂದಿನ ಸಲ ಮನೆಯ ಕಾರ್ಯಕ್ರಮಕ್ಕೆ ಲೈವ್ ಇಟ್ಟುಕೊಂಡಾಗ ಆ ಪುಟದ ಕೊಂಡಿಯ ಜೊತೆಗೆ ಚಾನೆಲ್‌ನ ಕೊಂಡಿಯನ್ನೂ ಕಳಿಸಿ, ಪುಟ ಬದಲಾದರೂ ನೆಂಟರು ದಾರಿ ತಪ್ಪುವುದಿಲ್ಲ. ಪರೀಕ್ಷೆಗೆ ಬೇರೆಯದೇ ಪುಟ ಬಳಸುವಂತೆ ಲೈವ್‌ನವರಿಗೆ ಹೇಳಿ. ಮಂಟಪದಲ್ಲಿ ಕೈ ಖಾಲಿಯಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಗುರುತಿಸಿ, ದೂರದೂರಿನವರಿಗೆ ಅವರ ನಂಬರ್ ಕೊಟ್ಟಿರಿ.